ಹಾಸ್ಟೆಲಿಗೆ 120 ಫ್ಯಾನು: 1,650ರದ್ದು ತಗೊಳ್ಳೋದಾ, 2,750ರದ್ದಾ?

ನಿಲಯದ_ಕಾರ್ಯದರ್ಶಿ
ದಾವಣಗೆರೆಯಲ್ಲಿ ನಮ್ಮ ಸಮಾಜದ ಒಂದು ವಿದ್ಯಾರ್ಥಿ ನಿಲಯ ಇದೆ. 48 ರೂಮು, ರೂಮಿಗೆ ಎರಡು ಫ್ಯಾನು, ಒಟ್ಟು 96. ಊಟದ ಹಾಲ್, ಪ್ರಾರ್ಥನಾ ಮಂದಿರ, ಅತಿಥಿ ಕೊಠಡಿಗೆ ಸೇರಿ ಇನ್ನೂ 24. ಈಗಿರುವ ಫ್ಯಾನುಗಳೆಲ್ಲ ಇಪ್ಪತ್ತು ವರ್ಷದ ಹಿಂದಿನವು, ಎಷ್ಟು ಸಲ ರಿವೈಂಡಿಂಗ್ ಆಗಿವೆಯೋ ಲೆಕ್ಕ ಇಲ್ಲ. ಈ ಸಲ ಎಲ್ಲಾ ತೆಗೆದು ಹೊಸದು ಹಾಕೋಣ ಅಂತ ಸಮಿತಿ ತೀರ್ಮಾನ ಮಾಡಿದೆ.

ಮೂರು ಕೊಟೇಶನ್ ಬಂದಿವೆ, ಎಲ್ಲವೂ ಜಿಎಸ್‌ಟಿ ಸೇರಿ.
ಎ: ಮಾಮೂಲಿ ಫ್ಯಾನು, ಒಂದು ಸ್ಟಾರ್, 1,650 ರೂ., ಎರಡು ವರ್ಷ ವಾರಂಟಿ.
ಬಿ: ಹೆಸರಿರುವ ಕಂಪನಿಯ ಬಿಎಲ್‌ಡಿಸಿ, ಐದು ಸ್ಟಾರ್, 28 ವ್ಯಾಟ್, 2,750 ರೂ., ಎರಡು ವರ್ಷ, ಆನ್‌ಲೈನ್ ನೋಂದಣಿ ಮಾಡಿದರೆ ಇನ್ನೊಂದು ವರ್ಷ.
ಸಿ: ನಾವ್ಯಾರೂ ಹೆಸರು ಕೇಳದ ಬ್ರ್ಯಾಂಡಿನ ಬಿಎಲ್‌ಡಿಸಿ, ಅದೂ 28 ವ್ಯಾಟ್ ಅಂತಾರೆ, 2,150 ರೂ., ಒಂದು ವರ್ಷ.

ಬಿ ಡೀಲರ್ ಹೇಳೋದು, 75 ವ್ಯಾಟಿನ ಜಾಗಕ್ಕೆ 28 ಬರುತ್ತೆ, ಒಂದೇ ವರ್ಷಕ್ಕೆ ದುಡ್ಡು ವಾಪಸ್ ಅಂತ. ನಮ್ಮ ಖಜಾಂಚಿಯವರು, "ಅವನ ಲೆಕ್ಕ ಅವನ ಹತ್ರ ಇರ್ಲಿ, 2,550ಕ್ಕೆ ಇಳಿಸಿದ್ರೆ ನೋಡೋಣ, ಇಲ್ಲಾಂದ್ರೆ 1,650" ಅಂತ ಕೂತಿದ್ದಾರೆ. ಕರೆಂಟ್ ಬಿಲ್ಲು ಭಾಗಿಸಿ ನೋಡಿದರೆ ಯೂನಿಟ್ಟಿಗೆ 9 ರೂಪಾಯಿ ಬೀಳುತ್ತೆ. ಏನು ಮಾಡಬೇಕು?

ಬೆಣ್ಣೆದೋಸೆ
ನಮ್ಮನೇಲಿ ಬಿಎಲ್‌ಡಿಸಿ ಹಾಕಿಸಿ ಒಂದು ವರ್ಷ ಆಯ್ತು, ಬಿಲ್ಲಿನಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ. ಎಲ್ಲಾ ಬುರುಡೆ. 1,650ರದ್ದೇ ತಗೊಳ್ಳಿ.

ಹಾಸ್ಟೆಲಮ್ಮ
@ಬೆಣ್ಣೆದೋಸೆ ನಿಮ್ಮನೆಗೆ ಗೃಹಜ್ಯೋತಿ ಇದೆಯಾ?

ಬೆಣ್ಣೆದೋಸೆ
ಇದೆ. ಬಿಲ್ಲು ಸೊನ್ನೆ.

ಹಾಸ್ಟೆಲಮ್ಮ
ಸೊನ್ನೆ ಇದ್ದದ್ದು ಇನ್ನೆಷ್ಟು ಕಡಿಮೆ ಆಗಬೇಕು ಮಾರಾಯ್ರೇ! ಅವರ ಹಾಸ್ಟೆಲಿಗೆ ಅದು ಬರೋದಿಲ್ಲ, ಪ್ರತಿ ಯೂನಿಟ್ಟಿಗೂ ದುಡ್ಡು ಕಟ್ಟಬೇಕು.

ನಿವೃತ್ತ_ಜೆಇ
ಕಾರ್ಯದರ್ಶಿಗಳೇ, ಡೀಲರ್ ಹೇಳಿದ 75 ವ್ಯಾಟ್ ಸುಳ್ಳೂ ಅಲ್ಲ, ನಿಜವೂ ಅಲ್ಲ. ಹಳೇ ಫ್ಯಾನು ಹಾಗೇ ಇಟ್ಟುಕೊಳ್ಳೋದಾ, ಕಿತ್ತು ಹಾಕೋದಾ ಅನ್ನೋದು ಪ್ರಶ್ನೆ ಆಗಿದ್ರೆ 75 ಸರಿ. ಆದರೆ ಕೀಳೋದು ಅಂತ ನೀವು ಆಗಲೇ ತೀರ್ಮಾನ ಮಾಡಿದ್ದೀರಿ. ಈಗ ಉಳಿದಿರೋದು ಯಾವ ಹೊಸದು ಅನ್ನೋ ಪ್ರಶ್ನೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ. ಹಾಗಾಗಿ ಇವತ್ತು ಅಂಗಡೀಲಿ ಸಿಗೋ ಒಂದು ಸ್ಟಾರಿನ 1200 ಎಂಎಂ ಫ್ಯಾನು ಹೆಚ್ಚುಕಡಿಮೆ 50-52 ವ್ಯಾಟ್ ಎಳೆಯುತ್ತೆ, 75 ಅಲ್ಲ. ಉಳಿತಾಯ ಲೆಕ್ಕ ಹಾಕಬೇಕಾದದ್ದು 52ರಿಂದ 28ಕ್ಕೆ, ಅಂದ್ರೆ 24 ವ್ಯಾಟ್. ಡೀಲರ್ ಹೇಳೋ 47 ಅಲ್ಲ. ಅರ್ಧ ಅಲ್ಲೇ ಹೋಯ್ತು.

ಇನ್ನೊಂದು, ಆ 9 ರೂಪಾಯಿ. ಬಿಲ್ಲಿನ ಒಟ್ಟು ಮೊತ್ತಾನ ಯೂನಿಟ್ಟಿನಿಂದ ಭಾಗಿಸಿದ್ದೀರಿ ಅನ್ಸುತ್ತೆ. ಅದರಲ್ಲಿ ನಿಗದಿತ ಶುಲ್ಕವೂ ಸೇರಿದೆ. ಅದು ಮಂಜೂರಾದ ಲೋಡಿನ ಮೇಲೆ ಬೀಳೋದು, ಫ್ಯಾನು ಕಡಿಮೆ ಎಳೆದ ಮಾತ್ರಕ್ಕೆ ಇಳಿಯಲ್ಲ. ಬಳಕೆ ಶುಲ್ಕ, ಅದರ ಮೇಲಿನ ತೆರಿಗೆ ಎರಡನ್ನೇ ಕೂಡಿ ನೋಡಿ ಹೇಳಿ. ಫ್ಯಾನು ವರ್ಷಕ್ಕೆ ಎಷ್ಟು ಗಂಟೆ ತಿರುಗುತ್ತೆ ಅನ್ನೋದನ್ನೂ.

ನಿಲಯದ_ಕಾರ್ಯದರ್ಶಿ
ಸರ್, ಹಾಗೆ ನೋಡಿದರೆ 7 ರೂಪಾಯಿ ಸಮೀಪ ಬರುತ್ತೆ. ರಜೆ ಕಳೆದು ಹುಡುಗರು ಇರೋದು ಸುಮಾರು 250 ದಿನ. ಸಂಜೆಯಿಂದ ಬೆಳಗಿನ ತನಕ 12 ಗಂಟೆ ಅಂತ ಇಟ್ಟುಕೊಳ್ಳಬಹುದು. ನಮ್ಮೂರ ಸೆಕೆ ಗೊತ್ತಲ್ಲ.

ನಿವೃತ್ತ_ಜೆಇ
ಹಾಗಾದ್ರೆ 3,000 ಗಂಟೆ. ರೂಮಿನ ಒಂದು ಫ್ಯಾನಿಗೆ ವರ್ಷಕ್ಕೆ:

```
ಎ   52 W x 3000 h = 156 ಯೂನಿಟ್ x 7 = 1,092 ರೂ.
ಬಿ   28 W x 3000 h =  84 ಯೂನಿಟ್ x 7 =   588 ರೂ.
```

ವರ್ಷಕ್ಕೆ 504 ರೂ. ಉಳಿತಾಯ. ಬೆಲೆಯ ಅಂತರ 1,100. ಅಂದ್ರೆ ಡೀಲರ್ ಹೇಳಿದ ಒಂದು ವರ್ಷ ಅಲ್ಲ, ಎರಡು ವರ್ಷ ದಾಟಿ ಎರಡು ತಿಂಗಳು. ಆಮೇಲಿನದು ಲಾಭ. ಏಳು ವರ್ಷಕ್ಕೆ ಖರೀದಿ, ಕರೆಂಟು ಎರಡೂ ಕೂಡಿಸಿದ್ರೆ ಎ 9,294, ಬಿ 6,866. ಏಳು ವರ್ಷ ಅನ್ನೋದು ನನ್ನ ಅಂದಾಜು. ಪೂರ್ತಿ ಸ್ಪೀಡಿನ ಲೆಕ್ಕ ಇದು, ಹುಡುಗರು ಎಲ್ಲಿ ಕಡಿಮೆ ಇಡ್ತಾರೆ ಬಿಡಿ.

ಇದೇ ಲೆಕ್ಕ ಊಟದ ಹಾಲಿಗೆ ಹಾಕಿ. ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 750. ಉಳಿತಾಯ 18 ಯೂನಿಟ್, 126 ರೂ. ಕೊಟ್ಟ 1,100 ವಾಪಸ್ ಬರಬೇಕಾದ್ರೆ ಎಂಟೂವರೆ ವರ್ಷ ಮೀರುತ್ತೆ. ಅತಿಥಿ ಕೊಠಡೀಲಿ ಬರೋದೇ ಇಲ್ಲ. ಅಲ್ಲಿಗೆ ನಿಮ್ಮ 120 ಒಂದು ಆರ್ಡರ್ ಅಲ್ಲ, ಎರಡು. ರೂಮಿನ 96ಕ್ಕೆ ಬಿಎಲ್‌ಡಿಸಿ, ಉಳಿದ 24ಕ್ಕೆ ಆ 1,650ರದ್ದೇ. ಖಜಾಂಚಿಯವರ ಮಾತು ಅಷ್ಟರ ಮಟ್ಟಿಗೆ ಸರಿ.

ಲೆಕ್ಕಪತ್ರ
ನಾನು ಒಂದೆರಡು ಟ್ರಸ್ಟುಗಳ ಆಡಿಟ್ ನೋಡ್ತೀನಿ. ಸಂಖ್ಯೆ ಒಡೆದರೆ ಹೋಲ್‌ಸೇಲ್ ರೇಟ್ ಹೋಗಲ್ವಾ? 120 ಅಂದಾಗ ಸಿಕ್ಕ ಬೆಲೆ 96ಕ್ಕೆ ಸಿಗಲ್ಲ. ಅದಲ್ಲದೆ ಮೂರು ಕೊಟೇಶನ್ ತರಿಸಿ ಕಡಿಮೆಯದನ್ನ ಬಿಟ್ಟು ಹೆಚ್ಚಿನದನ್ನ ತಗೊಂಡ್ರೆ ವಾರ್ಷಿಕ ಸಭೇಲಿ ಯಾರಾದ್ರೂ ಎದ್ದು ನಿಂತೇ ನಿಲ್ತಾರೆ.

ಗಲ್ಲಾಪೆಟ್ಟಿಗೆ
ನಾನು ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು (ಇವರ ಮೂರು ಕೊಟೇಶನ್‌ನಲ್ಲಿ ನಂದಿಲ್ಲ, ಹಾಗಾಗಿ ನಿಜ ಹೇಳ್ತೀನಿ). 96ಕ್ಕೂ 120ಕ್ಕೂ ನಮಗೆ ಅಂಥ ವ್ಯತ್ಯಾಸ ಇಲ್ರೀ. ರೇಟು ನಿಂತಿರೋದು ತಿಂಗಳ ಮೇಲೆ. ಫೆಬ್ರವರಿಯಿಂದ ಮೇ ತನಕ ಫ್ಯಾನು ತಾನಾಗೇ ಓಡುತ್ತೆ, ಆಗ ಬಂದು ಚೌಕಾಸಿ ಮಾಡಿದ್ರೆ ಚಹಾ ಕುಡಿಸಿ ಕಳಿಸ್ತೀವಿ. ಮಳೆಗಾಲದಲ್ಲಿ, ಅದೂ ಕಂಪನಿ ಟಾರ್ಗೆಟ್ ಮುಗಿಯೋ ತಿಂಗಳ ಕೊನೇ ವಾರ ಬನ್ನಿ, ಮಾತು ಬೇರೆ ಇರುತ್ತೆ.

ಆದ್ರೆ 2,750ನ್ನ 2,550 ಮಾಡಿ ಅಂತ ಹಠ ಹಿಡಿದ್ರೆ ನಾವೇನು ಮಾಡ್ತೀವಿ ಗೊತ್ತಾ? ಮಾಡಿಕೊಡ್ತೀವಿ. ಆಮೇಲೆ ಫಿಟ್ಟಿಂಗ್ ಬೇರೆ, ಉದ್ದದ ಡೌನ್‌ರಾಡ್ ಬೇರೆ, ಸರ್ವಿಸಿಗೆ ನೀವೇ ಹೊತ್ಕೊಂಡು ಬನ್ನಿ ಅಂತೀವಿ. ಇಳಿಸಿದ್ದು ಎಲ್ಲಿಂದಾದ್ರೂ ಬರಲೇಬೇಕಲ್ಲ.

ಹಾಸ್ಟೆಲಮ್ಮ
ನಂದು ಹುಡುಗಿಯರ ಹಾಸ್ಟೆಲ್, 60 ಬಿಎಲ್‌ಡಿಸಿ ಹಾಕಿ ಮೂರು ವರ್ಷ. ಜೆಇ ಸರ್ ಲೆಕ್ಕದಲ್ಲಿ ಇಲ್ಲದ್ದು ನಾನು ಹೇಳ್ತೀನಿ. ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡು 11 ಹೋಗಿವೆ. ಮಾಮೂಲಿ ಫ್ಯಾನು ನಿಂತರೆ ಕೆಪಾಸಿಟರ್, ಎಲೆಕ್ಟ್ರಿಷಿಯನ್ ಬಂದು ಹಾಕಿ ನೂರು ರೂಪಾಯಿ ತಗೊಂಡು ಹೋಗ್ತಾನೆ. ಇದರ ಬೋರ್ಡು ಆ ಕಂಪನಿಯದ್ದೇ ಆಗಬೇಕು, 700 ರೂಪಾಯಿ. ವಾರಂಟಿ ಇದ್ದಾಗಲೂ ಫ್ಯಾನು ಬಿಚ್ಚಿ ಆಟೋದಲ್ಲಿ ಸರ್ವಿಸ್ ಸೆಂಟರಿಗೆ ಒಯ್ಯಬೇಕಿತ್ತು, ಹೋಗಿ ಬಂದು 200 ರೂಪಾಯಿ. "ಬೋರ್ಡು ಬಂದಿಲ್ಲ" ಅಂತ ಮೂರು ವಾರ. ಏಪ್ರಿಲ್‌ನಲ್ಲಿ ಮೂರು ವಾರ ಫ್ಯಾನಿಲ್ಲದೆ ಮಕ್ಕಳನ್ನ ಮಲಗಿಸಿ ನೋಡಿ, ಆಮೇಲೆ ಉಳಿತಾಯದ ಮಾತು.

ರಿಮೋಟು ಇನ್ನೊಂದು ಕಥೆ. ರಜೆಗೆ ಊರಿಗೆ ಹೋಗೋವಾಗ ಅದೂ ಬ್ಯಾಗಲ್ಲಿ ಹೋಗುತ್ತೆ. ಒಂದಕ್ಕೆ 250. ಮೂರು ವರ್ಷದಲ್ಲಿ ಎಷ್ಟು ತಂದಿದ್ದೀನೋ, ಎಣಿಸೋದೇ ಬಿಟ್ಟಿದ್ದೀನಿ.

ನಿವೃತ್ತ_ಜೆಇ
ಮೇಡಂ, ಆ 11ರಲ್ಲಿ ಒಂದೇ ದಿನ ಹೋದದ್ದು ಎಷ್ಟು?

ಹಾಸ್ಟೆಲಮ್ಮ
ಏಳು. ಮಳೆ ಗಾಳಿ ಇದ್ದ ರಾತ್ರಿ. ಅವತ್ತು ಒಂದು ಟಿವಿಯೂ ಹೋಯ್ತು. ನಿಮಗೆ ಹೇಗೆ ಗೊತ್ತಾಯ್ತು?

ನಿವೃತ್ತ_ಜೆಇ
ಅದು ನ್ಯೂಟ್ರಲ್ ಬಿಟ್ಟದ್ದು. ಮೂರು ಫೇಸಿನ ಕಟ್ಟಡದಲ್ಲಿ ನ್ಯೂಟ್ರಲ್ ಸಡಿಲ ಆದ್ರೆ, ಲೋಡು ಕಡಿಮೆ ಇರೋ ಫೇಸಿನಲ್ಲಿ ವೋಲ್ಟೇಜು 230 ದಾಟಿ 350ರ ತನಕವೂ ಏರಬಹುದು. ಮಾಮೂಲಿ ಫ್ಯಾನು ಸ್ವಲ್ಪ ಹೊತ್ತು ಗರಗರ ಅಂದು ತಡೆಯುತ್ತೆ, ಬೋರ್ಡು ತಡೆಯಲ್ಲ. ಹಾಗಾದ್ರೆ ಉಳಿದ ನಾಲ್ಕೇ ಫ್ಯಾನಿನ ದೋಷ, ಏಳು ವೈರಿಂಗಿನದ್ದು. ಕಾರ್ಯದರ್ಶಿಗಳೇ, ಫ್ಯಾನು ಬರೋ ಮೊದಲು ಮೀಟರ್ ಬೋರ್ಡಿನಿಂದ ಹಿಡಿದು ಪ್ರತಿ ಮಹಡಿಯ ಡಿಸ್ಟ್ರಿಬ್ಯೂಷನ್ ಬಾಕ್ಸ್ ತನಕ ನ್ಯೂಟ್ರಲ್ ಬಿಗಿ ನೋಡಿಸಿ. ಕಪ್ಪಗಾಗಿರೋ ಲಿಂಕ್ ಬದಲಿಸಿ. ವೋಲ್ಟೇಜು ಏರಿದ್ರೆ ಸಪ್ಲೈ ಕಡಿಯೋ ರಿಲೇನೂ ಹಾಕಿಸಬಹುದು. ಆ ಖರ್ಚನ್ನೂ ಬಿಎಲ್‌ಡಿಸಿ ಲೆಕ್ಕಕ್ಕೇ ಬರೆಯಿರಿ, ಅದೇ ನ್ಯಾಯ.

ಮೇಡಂ ಹೇಳಿದ ದರ ಹಾಗೇ ಇಟ್ಟುಕೊಂಡ್ರೂ, ಅಂದ್ರೆ ವರ್ಷಕ್ಕೆ ನೂರಕ್ಕೆ ಆರು, ನಿಮ್ಮ 96ಕ್ಕೆ ವರ್ಷಕ್ಕೆ ಸುಮಾರು ಆರು ಬೋರ್ಡು. ವಾರಂಟಿ ಮುಗಿದ ನಾಲ್ಕು ವರ್ಷಕ್ಕೆ 24, ಹೆಚ್ಚುಕಡಿಮೆ 17,000 ರೂ. ಖಜಾಂಚಿಯವರು ಹಠ ಹಿಡಿದಿರೋ 200 ರೂಪಾಯಿ ಇಳಿಕೆ 96ಕ್ಕೆ 19,200. ಎರಡೂ ಹತ್ತಿರ ಹತ್ತಿರ ನೋಡಿ. ಮಾತುಕತೆ ಅಲ್ಲಿ ನಡೀಬೇಕು. ಬೆಲೆ ಬಿಡಿ, ಬೋರ್ಡು ಕೇಳಿ. ಫ್ಯಾನಿನ ಜೊತೆಗೇ ಎಂಟು-ಹತ್ತು ಬೋರ್ಡು ಕೈಗೆ ಬರಲಿ, ಕಪಾಟಿನಲ್ಲಿರಲಿ. ಆಗ ಮೂರು ವಾರದ ಕಾಯುವಿಕೆ ಅರ್ಧ ಗಂಟೆಗೆ ಇಳಿಯುತ್ತೆ. ಮುಂದೆ ಐದು ವರ್ಷ ಬೋರ್ಡಿನ ಬೆಲೆ ಇಷ್ಟೇ ಅಂತ ಬರೆಸಿಕೊಳ್ಳಿ.

ಗಲ್ಲಾಪೆಟ್ಟಿಗೆ
ಇದು ನಾವು ಕೊಡಬಹುದಾದ್ದು. ಬೋರ್ಡು ನಮಗೆ ಬೀಳೋ ಬೆಲೆ ನಿಮಗೆ ಹೇಳೋ 700 ಅಲ್ಲವಲ್ಲ. ಆದ್ರೆ ಒಂದು ಎಚ್ಚರ: ನನ್ನಂಥ ಅಂಗಡಿಯವನು ಲೆಟರ್‌ಹೆಡ್ಡಲ್ಲಿ "ಐದು ವರ್ಷ ವಾರಂಟಿ" ಅಂತ ಬರೆದುಕೊಟ್ರೆ ನಂಬಬೇಡಿ. ಕಂಪನಿಗೂ ಆ ಕಾಗದಕ್ಕೂ ಸಂಬಂಧ ಇಲ್ಲ. ಅಂಗಡಿ ಮುಚ್ಚಿದ ದಿನ ವಾರಂಟಿಯೂ ಮುಚ್ಚುತ್ತೆ. ಕಂಪನಿ ಕಡೆಯಿಂದ ಬಂದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ವಾರಂಟಿ ಎಣಿಕೆ ಶುರುವಾಗೋದು ಇನ್‌ವಾಯ್ಸ್ ತಾರೀಖಿನಿಂದ. ರೂಮಿಗೆ ಬಣ್ಣ ಹೊಡೀಬೇಕು ಅಂತ ನೀವು ಫ್ಯಾನು ಆರು ತಿಂಗಳು ಗೋದಾಮಲ್ಲಿ ಇಟ್ರೆ ಆ ಆರು ತಿಂಗಳು ಹೋಯ್ತು. ಮಹಡಿ ಮಹಡಿಗೆ ಬೇರೆ ಬೇರೆ ಬಿಲ್ಲು ಮಾಡಿಸಿ ತರಿಸ್ಕೊಳ್ಳಿ.

ನಿಲಯದ_ಕಾರ್ಯದರ್ಶಿ
ಎಲ್ಲರಿಗೂ ಧನ್ಯವಾದ. ಬಿ, ಸಿ ಎರಡರದ್ದೂ ಒಂದೊಂದು ಸ್ಯಾಂಪಲ್ ತರಿಸಿ ರೂಮಲ್ಲಿ ತೂಗು ಹಾಕಿದೆವು. ನಮ್ಮ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದ: ಬಿ 0.20 ಆಂಪ್ಸ್. 230ರಿಂದ ಗುಣಿಸಿದ್ರೆ 46 ವ್ಯಾಟ್! 28 ಅಂತ ಹೇಳಿ 46 ಕೊಡ್ತಿದ್ದಾರೆ. ಡೀಲರಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ.

ನಿವೃತ್ತ_ಜೆಇ
ಅಯ್ಯೋ, ಬೈಯೋ ಮೊದಲು ಇಲ್ಲಿ ಕೇಳಬಾರದಿತ್ತೆ? ಆಂಪ್ಸನ್ನ ವೋಲ್ಟಿನಿಂದ ಗುಣಿಸಿದ್ದು ವ್ಯಾಟ್ ಅಲ್ಲ. ಈ ಬೋರ್ಡುಗಳಲ್ಲಿ ಕೆಲವಕ್ಕೆ ಪವರ್ ಫ್ಯಾಕ್ಟರ್, ಅಂದ್ರೆ ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು, 0.6ರ ಆಸುಪಾಸು ಇರುತ್ತೆ. 46ನ್ನ 0.6ರಿಂದ ಗುಣಿಸಿ, 28 ಬರಲಿಲ್ವೇ? ಪ್ಲಗ್ಗಿಗೆ ಹಾಕೋ ವ್ಯಾಟ್ ಮೀಟರ್ ಸಿಗುತ್ತೆ, ಅದರಲ್ಲಿ W ಅಂತ ಇರೋ ಅಂಕಿ ಓದಿ. ಎರಡೂ ಫ್ಯಾನು ಪೂರ್ತಿ ಸ್ಪೀಡಿನಲ್ಲಿಟ್ಟು, ಹತ್ತು ನಿಮಿಷ ಆದಮೇಲೆ.

ಕರಾವಳಿ_ಗಾಳಿ
ಇಷ್ಟೆಲ್ಲ ಯಾಕೆ ಮಾರಾಯ್ರೆ, ಐದು ಸ್ಟಾರ್ ಇದ್ರೆ ಮುಗೀತಲ್ಲ? ಸರ್ಕಾರವೇ ಪರೀಕ್ಷೆ ಮಾಡಿ ಕೊಟ್ಟದ್ದು.

ನಿವೃತ್ತ_ಜೆಇ
ಅರ್ಧ ಸರಿ. ಸ್ಟಾರ್ ಕೊಡೋದು ಒಂದು ವ್ಯಾಟಿಗೆ ಎಷ್ಟು ಗಾಳಿ ಅನ್ನೋ ಲೆಕ್ಕದಲ್ಲಿ. 1200 ಎಂಎಂ ಫ್ಯಾನಿಗೆ ಅದು 6 ಮುಟ್ಟಿದ್ರೆ ಐದು ಸ್ಟಾರ್. 210 ಘನ ಮೀಟರ್ ಗಾಳಿಗೆ 35 ವ್ಯಾಟ್ ತಗೊಂಡ್ರೂ ಐದು ಸ್ಟಾರ್, 28 ತಗೊಂಡ್ರೂ ಐದು ಸ್ಟಾರ್. ಮೇಲ್ಗಡೆ ಮಿತಿ ಇಲ್ಲ. ಹಾಗಾಗಿ ಲೇಬಲ್ಲಿನ ಗಾಳಿಯ ಅಂಕೀನ ವ್ಯಾಟಿನಿಂದ ನೀವೇ ಭಾಗಿಸಿ ನೋಡಬೇಕು.

ನಿಲಯದ_ಕಾರ್ಯದರ್ಶಿ
ವ್ಯಾಟ್ ಮೀಟರ್ ತರಿಸಿ ನೋಡಿದೆವು. ಬಿ 28-29. ಸಿ 36! ಬಿ ಡೀಲರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಪಾಪ ನಕ್ಕರು.

ಸಿ 600 ರೂಪಾಯಿ ಅಗ್ಗ. ಆದರೆ ಎಂಟು ವ್ಯಾಟ್ ಹೆಚ್ಚು ಎಳೆದರೆ 3,000 ಗಂಟೆಗೆ 24 ಯೂನಿಟ್, ವರ್ಷಕ್ಕೆ 168 ರೂ., ಏಳು ವರ್ಷಕ್ಕೆ 1,176. ಅಗ್ಗ ಅನ್ನೋದು ನಾಲ್ಕನೇ ವರ್ಷದೊಳಗೇ ಮುಗಿಯುತ್ತೆ, ಬೋರ್ಡಿನ ಮಾತು ಬಿಟ್ಟೇ. ಈ ಲೆಕ್ಕ ಖಜಾಂಚಿಯವರೇ ಹಾಕಿದ್ದು ಅನ್ನೋದು ವಿಶೇಷ.

ಅಂದಹಾಗೆ ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಗೊತ್ತಿಲ್ಲ. ನಮ್ಮ ಇನ್ವರ್ಟರ್ 5 ಕೆವಿಎ. ರೂಮಿಗೆ ಒಂದೇ ಫ್ಯಾನು ಅದರ ಮೇಲಿದೆ, ಎರಡೂ ಹಾಕಿದ್ರೆ ಟ್ರಿಪ್ ಆಗುತ್ತೆ. ಹುಡುಗರ ಗಲಾಟೆ ತಡೀಲಾರದೆ ಇನ್ನೊಂದು ಇನ್ವರ್ಟರ್, ಬ್ಯಾಟರಿ ಸೇರಿ 1,60,000ದ ಕೊಟೇಶನ್ ಸಮಿತಿ ಮುಂದಿದೆ.

ನಿವೃತ್ತ_ಜೆಇ
ಸಂಬಂಧ ಇದೆಯೋ ಗೊತ್ತಿಲ್ವಂತೆ! ಇದನ್ನ ಮೊದಲನೇ ಸಾಲಲ್ಲೇ ಬರೀಬೇಕಿತ್ತು ಸ್ವಾಮಿ.

ಈಗ 48 ಹಳೇ ಫ್ಯಾನು ಗುಣಿಸು 75, ಅಂದ್ರೆ 3,600 ವ್ಯಾಟ್. ಅದಕ್ಕೇ ಇನ್ವರ್ಟರ್ ಏದುಸಿರು ಬಿಡ್ತಿದೆ. ಎ ಫ್ಯಾನು 96 ಹಾಕಿದ್ರೆ 4,992 ವ್ಯಾಟ್. 5 ಕೆವಿಎ ಅಂದ ಮಾತ್ರಕ್ಕೆ 5,000 ವ್ಯಾಟ್ ಸಿಗಲ್ಲ, 4,000 ಸಿಕ್ಕರೆ ದೊಡ್ಡದು. ಬಿ 96 ಹಾಕಿದ್ರೆ 2,688. ಎಲ್ಲಾ 96 ಒಟ್ಟಿಗೆ ತಿರುಗಿದ್ರೂ ಈಗಿನ ಲೋಡಿಗಿಂತ ಕಡಿಮೆ. ಪವರ್ ಫ್ಯಾಕ್ಟರ್ 0.6 ಅಂದ್ರೆ ಕೆವಿಎ ಲೆಕ್ಕದಲ್ಲಿ 4.5 ಆಗುತ್ತೆ, ಅದು ಸ್ವಲ್ಪ ಬಿಗಿ. ಹಾಗಾಗಿ ಬಿ ಕಂಪನೀಲೇ ಪವರ್ ಫ್ಯಾಕ್ಟರ್ 0.9 ಮೇಲಿರೋ ಮಾಡೆಲ್ ಇದೆಯಾ ಕೇಳಿ, ಒಂದು ಮಹಡಿಗೆ ಹಾಕಿ ಪರೀಕ್ಷೆ ಮಾಡಿ. ನಿಂತರೆ 1,60,000ದ ಎರಡನೇ ಇನ್ವರ್ಟರ್ ಬೇಡವೇ ಬೇಡ. ನಿಮ್ಮ 96 ಫ್ಯಾನಿನ ಬೆಲೆ ಅಂತರ ಒಟ್ಟು 1,05,600 ಅಷ್ಟೇ.

ಲೆಕ್ಕಪತ್ರ
ಇದಾದ್ರೆ ಸಭೇಲಿ ಯಾರೂ ಎದ್ದು ನಿಲ್ಲಲ್ಲ. ಆದ್ರೂ ಕ್ರಮ ತಪ್ಪಬೇಡಿ. ಈಗಿನ ಮೂರು ಕೊಟೇಶನ್ ಬದಿಗಿಟ್ಟು ಹೊಸದಾಗಿ ವಿಚಾರಣಾ ಪತ್ರ ಕಳಿಸಿ. "ಫ್ಯಾನಿನ ಬೆಲೆ, ಅಳೆದ ವ್ಯಾಟಿನ ಮೇಲೆ ಏಳು ವರ್ಷದ ಕರೆಂಟು, ಫಿಟ್ಟಿಂಗ್, ಬಿಡಿಭಾಗ ಎಲ್ಲ ಕೂಡಿಸಿ ಕಡಿಮೆ ಬಂದವರಿಗೆ ಆರ್ಡರ್" ಅಂತ ಮೊದಲೇ ಬರೆದಿರಲಿ. ಬೆಲೆ ತೆರೆದು ನೋಡಿದ ಮೇಲೆ ಅಳತೆಗೋಲು ಬದಲಿಸಿದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಹತ್ತು ಪರ್ಸೆಂಟ್ ಹಣ ಆರು ತಿಂಗಳು ಹಿಡಿದಿಡಿ.

ಗಲ್ಲಾಪೆಟ್ಟಿಗೆ
ಹತ್ತು ಪರ್ಸೆಂಟ್ ಆರು ತಿಂಗಳು ಯಾವ ಅಂಗಡಿಯವನೂ ಒಪ್ಪಲ್ಲ ಸರ್. 2,64,000ದ ಬಿಲ್ಲಿಗೆ 26,400. ಅದರ ಮೇಲಿನ ಜಿಎಸ್‌ಟಿ ನಾನು ಆಗಲೇ ಕಟ್ಟಿರ್ತೀನಿ, ನನ್ನ ಲಾಭವೇ ಅಷ್ಟಿರುತ್ತೋ ಇಲ್ವೋ. ಒಪ್ಪಿದ್ರೂ ಅಷ್ಟನ್ನ ಬೆಲೇಲಿ ಸೇರಿಸಿಯೇ ಕೊಡ್ತೀನಿ. ಐದು ಪರ್ಸೆಂಟ್ ಮೂರು ತಿಂಗಳು ಕೇಳಿ, ಮೊದಲ ದೋಷ ಬರೋದೇ ಅಷ್ಟರಲ್ಲಿ. ಹಳೇ ಫ್ಯಾನು ಎಕ್ಸ್‌ಚೇಂಜಿಗೆ ಕೊಡಬೇಡಿ, ಒಳಗಿರೋದು ತಾಮ್ರ. ಗುಜರಿಯವನಿಗೆ ತೂಕದ ಮೇಲೆ ಮಾರಿ.

ನಿಲಯದ_ಕಾರ್ಯದರ್ಶಿ
ಎರಡು ತಿಂಗಳು ಬಿಟ್ಟು ಬರೀತಿದ್ದೀನಿ. ಹೊಸ ಪತ್ರ ಕಳಿಸಿ, ತಿಂಗಳ ಕೊನೇ ವಾರವೇ ಹೋಗಿ ಕೂತೆವು. ಬಿಯವರೇ ಬಂದರು. ಬೆಲೆ 2,690ಕ್ಕೆ ನಿಂತಿತು, ಪವರ್ ಫ್ಯಾಕ್ಟರ್ ಒಳ್ಳೆಯದಿರೋ ಮಾಡೆಲ್. 96 ಫ್ಯಾನು, ಮೇಲೆ ಅದೇ ಬೆಲೆಗೆ ನಾಲ್ಕು ಬಿಡಿ. ಎಂಟು ಬೋರ್ಡು ಬೆಲೆಯಲ್ಲೇ ಸೇರಿ. ಬೋರ್ಡು ಐದು ವರ್ಷ 650 ಅಂತ ಡೀಲರ್ ಬರೆದುಕೊಟ್ಟಿದ್ದಾರೆ, ಆ ಕಾಗದ ಎಷ್ಟರ ಮಟ್ಟಿಗೆ ನಿಲ್ಲುತ್ತೋ ನೋಡಬೇಕು. ಐದು ಪರ್ಸೆಂಟ್ ಮೂರು ತಿಂಗಳು ಒಪ್ಪಿದರು. ಕಂಪನಿ ವಾರಂಟಿ ಮೂರು ವರ್ಷಕ್ಕಿಂತ ಹೆಚ್ಚು ಮಾಡಲು ಏನು ಮಾಡಿದರೂ ಆಗಲಿಲ್ಲ.

ಮೊದಲ ಮಹಡಿ 32 ಫ್ಯಾನು ಹಾಕಿ ಆಯ್ತು. ಕೊಟೇಶನ್‌ನಲ್ಲಿ ಯಾರೂ ಹೇಳದ ಒಂದು ಖರ್ಚು ಬಂತು: ಗೋಡೆಯ ಹಳೇ ರೆಗ್ಯುಲೇಟರ್ ತೆಗೆದು ನೇರ ಜೋಡಿಸಬೇಕು, ಪಾಯಿಂಟಿಗೆ 80 ರೂಪಾಯಿ. ಇಲ್ಲದಿದ್ರೆ ಬೋರ್ಡಿಗೆ ಒಳ್ಳೇದಲ್ವಂತೆ. ಒಂದು ರೂಮಿನ ಹುಡುಗರು ಆಗಲೇ ರಿಮೋಟ್ ಕಳೆದಿದ್ದಾರೆ.

ಹಾಸ್ಟೆಲಮ್ಮ
ಗೋಡೆಗೆ ಕೂರೋ ಸ್ವಿಚ್ ಮಾದರಿ ಯಾಕೆ ತಗೊಳ್ಳಲಿಲ್ಲ?

ನಿಲಯದ_ಕಾರ್ಯದರ್ಶಿ
ಫ್ಯಾನಿಗೆ 300 ಹೆಚ್ಚು ಕೇಳಿದರು ಮೇಡಂ. 96ಕ್ಕೆ 28,800. ವರ್ಷಕ್ಕೆ ಎಷ್ಟು ರಿಮೋಟ್ ಕಳೆಯುತ್ತೆ ಅನ್ನೋ ಅಂಕಿ ಇದ್ದಿದ್ದರೆ ಹೌದೋ ಅಲ್ಲವೋ ಹೇಳಬಹುದಿತ್ತು. ನೀವು ಎಣಿಸೋದು ಬಿಟ್ಟಿರಿ ಅಂದಿರಲ್ಲ. ಉಳಿದ ಎರಡು ಮಹಡಿಯ ಬಿಲ್ಲು ಇನ್ನೂ ಆಗಿಲ್ಲ, ಅಷ್ಟರಲ್ಲಿ ನಿಮ್ಮ ಹಳೇ ಬಿಲ್ಲುಗಳಲ್ಲಿ ಒಮ್ಮೆ ಎಣಿಸಿ ಹೇಳ್ತೀರಾ?